ಗೋದಾಮಿನ ಮೆಕ್ಕೆಜೋಳಕ್ಕೆ ಯಾವ ಅಫ್ಲಾಟಾಕ್ಸಿನ್ ಪರೀಕ್ಷೆ?

ಗೋದಾಮಿನಲ್ಲಿ 20 ಟನ್ ಮೆಕ್ಕೆಜೋಳ ಇದೆ ಅಂದುಕೊಳ್ಳಿ. ತಲಾ 50 ಕಿಲೋದ 400 ಚೀಲ. ಅದರಲ್ಲಿ ಬೂಷ್ಟು ಮಾಡುವ ವಿಷವಾದ ಅಫ್ಲಾಟಾಕ್ಸಿನ್ ಇದೆಯಾ, ಇದ್ದರೆ ಎಷ್ಟಿದೆ ಅಂತ ತಿಳಿಯಬೇಕು. ದಾರಿಗಳು ಹಲವು. ಯುವಿ ದೀಪ ಇದೆ, ಹಿಟ್ಟಿನ ಸಾರದಲ್ಲಿ ಅದ್ದಿ ನೋಡುವ ಹತ್ತು ನಿಮಿಷದ ಪಟ್ಟಿ ಇದೆ, ತಟ್ಟೆಯ ಗುಳಿಗಳಲ್ಲಿ ಬಣ್ಣ ನೋಡುವ ಎಲಿಸಾ ಇದೆ, ಲ್ಯಾಬಿನ ದೊಡ್ಡ ಯಂತ್ರ ಎಚ್‌ಪಿಎಲ್‌ಸಿ ಇದೆ. ಯಾವುದನ್ನು ಆರಿಸಬೇಕು ಅನ್ನೋದೇ ಈ ಬರಹದ ವಿಷಯ.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಒಂದು ಲೋಡನ್ನು ಪಟ್ಟಿಯಲ್ಲಿ ನೋಡಿ ಪಾಸು ಮಾಡಿದ್ದೆ. 6 ಪಿಪಿಬಿ, ಅಂದರೆ ಕಿಲೋಗೆ 6 ಮೈಕ್ರೋಗ್ರಾಂ ವಿಷ ಬಂದಿತ್ತು. ಅದೇ ಲೋಡನ್ನು ಕೊಂಡವರು ತಮ್ಮ ಕಡೆ ಪರೀಕ್ಷೆ ಮಾಡಿಸಿದರೆ 48. ಪಟ್ಟಿಯೇ ಸರಿಯಿಲ್ಲ ಅಂತ ನಾನು ವಾದಿಸಿದೆ. ಆಮೇಲೆ ನನ್ನ ಹತ್ತಿರ ಉಳಿದಿದ್ದ ಹಿಟ್ಟನ್ನೇ ಲ್ಯಾಬಿಗೆ ಕಳಿಸಿದೆ. ಅವರ ದೊಡ್ಡ ಯಂತ್ರವೂ 7 ಅಂತಲೇ ಹೇಳಿತು. ಪಟ್ಟಿಯ ತಪ್ಪು ಏನೂ ಇರಲಿಲ್ಲ. ಬಾಗಿಲ ಹತ್ತಿರದ ನಾಲ್ಕು ಚೀಲಗಳಿಂದ ಒಂದೊಂದು ಹಿಡಿ ಕಾಳು ತೆಗೆದಿದ್ದೆ, ಅಷ್ಟೇ. ತಪ್ಪಾಗಿದ್ದು ಅಲ್ಲಿ.

ಹಾಗಾಗಿ ಯಾವ ಪರೀಕ್ಷೆ ಅನ್ನುವುದಕ್ಕಿಂತ ಮೊದಲು, ವಿಷ ಎಲ್ಲಿ ಕೂತಿರುತ್ತದೆ ಅಂತ ನೋಡೋಣ.

ಬೂಷ್ಟು ಎಲ್ಲಿ, ಯಾವಾಗ ವಿಷ ಮಾಡುತ್ತದೆ

ಕಾಳಿನಲ್ಲಿ ಅಫ್ಲಾಟಾಕ್ಸಿನ್ ಮಾಡುವುದು ಮುಖ್ಯವಾಗಿ ಎರಡು ಬೂಷ್ಟುಗಳು. ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್. ಮೆಕ್ಕೆಜೋಳದಲ್ಲಿ ಜಾಸ್ತಿ ಸಿಗುವುದು ಫ್ಲೇವಸ್. ಅದು ಸಾಮಾನ್ಯವಾಗಿ ಬಿ1 ಮತ್ತು ಬಿ2 ಅನ್ನುವ ವಿಷಗಳನ್ನು ಮಾಡುತ್ತದೆ. ಪ್ಯಾರಾಸಿಟಿಕಸ್ ಇವುಗಳ ಜೊತೆಗೆ ಜಿ1, ಜಿ2 ಕೂಡ ಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬಿ1. ಲಿವರ್ ಕ್ಯಾನ್ಸರಿಗೆ ಕಾರಣವಾಗುವ ವಸ್ತು ಅಂತ ಸಾಬೀತಾಗಿದೆ.

ಹಸಿರು ಬೂಷ್ಟು ಕಂಡ ಕಡೆಯೆಲ್ಲ ವಿಷ ಇದ್ದೇ ಇರುತ್ತದೆ ಅಂತ ಇಲ್ಲ. ಫ್ಲೇವಸ್‌ನಲ್ಲೇ ವಿಷ ಮಾಡದ ತಳಿಗಳು ಬೇಕಾದಷ್ಟಿವೆ. ವಿಷದ ತಳಿಗೆ ಜಾಗ ಸಿಗದಿರಲಿ ಅಂತ ಅಂಥ ತಳಿಗಳನ್ನು ಬೇಕೆಂದೇ ಹೊಲಕ್ಕೆ ಬಿಡುವ ಪದ್ಧತಿಯೂ ಇದೆ. ಉಲ್ಟಾ ಕೂಡ ನಿಜ. ಬೂಷ್ಟು ಸತ್ತು, ಉದುರಿ, ಕಾಳು ಒರೆಸಿದಂತೆ ಕಂಡರೂ ಅದು ಮಾಡಿಟ್ಟ ವಿಷ ಅಲ್ಲೇ ಉಳಿಯುತ್ತದೆ. ಸಾಮಾನ್ಯ ಅಡುಗೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ಬೂಷ್ಟನ್ನು ನೋಡಿ ಲೆಕ್ಕ ಹಾಕುವುದನ್ನು ನಾನು ಪರೀಕ್ಷೆ ಅಂತ ಎಣಿಸುವುದಿಲ್ಲ.

ಈ ಬೂಷ್ಟಿಗೆ ಸೆಕೆ ಇಷ್ಟ. 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಅಲ್ಲೇ ವಿಷವನ್ನೂ ಜಾಸ್ತಿ ಮಾಡುತ್ತದೆ. ಆದರೆ ಸೆಕೆಗಿಂತ ಮುಖ್ಯ ತೇವ. ಚೀಲದೊಳಗೆ ಕಾಳುಗಳ ನಡುವಿನ ಗಾಳಿಯ ತೇವ 70 ಪರ್ಸೆಂಟ್ ಒಳಗಿದ್ದರೆ ಫ್ಲೇವಸ್ ಬೆಳೆಯುವುದಿಲ್ಲ. 80 ದಾಟಿದರೆ ಎದ್ದು ಕೂರುತ್ತದೆ. 85ರ ಸುತ್ತ ಹೋದರೆ ವಿಷ ಮಾಡಲು ಶುರು. ಮೆಕ್ಕೆಜೋಳದ ಕಾಳಿನ ತೇವಾಂಶಕ್ಕೆ ಇದನ್ನು ಹೊಂದಿಸಿದರೆ, 13 ಪರ್ಸೆಂಟ್ ತೇವಾಂಶ ಅಂದರೆ ನೆಮ್ಮದಿ, 18ರ ಹತ್ತಿರ ಅಂದರೆ ಅಪಾಯ. ಎಣ್ಣೆ ಕಾಳುಗಳಿಗೆ ಈ ಲೆಕ್ಕ ಬೇರೆ. ಎಣ್ಣೆ ನೀರನ್ನು ಹಿಡಿದುಕೊಳ್ಳುವುದಿಲ್ಲವಲ್ಲ, ಅದಕ್ಕೇ ಶೇಂಗಾ ಬೀಜವನ್ನು 7–8 ಪರ್ಸೆಂಟಿಗೆ ಇಳಿಸಬೇಕು.

ಈಗ ಮುಖ್ಯ ಮಾತು. ವಿಷ ಕಾಳಿಗೆ ಎರಡು ಸಲ ಬರಬಹುದು. ಮೊದಲನೇ ಸಲ ಹೊಲದಲ್ಲಿ. ಮಳೆ ಕೈಕೊಟ್ಟು, ಬಿಸಿಲು ಏರಿ, ತೆನೆಗೆ ಹುಳ ಬಿದ್ದಾಗ ಬೂಷ್ಟು ಒಳಗೆ ಇಳಿಯುತ್ತದೆ. ಇಂಥ ಕಾಳುಗಳು ರಾಶಿಯಲ್ಲಿ ಒಂದಿಲ್ಲಿ ಒಂದಲ್ಲಿ ಚದುರಿಕೊಂಡಿರುತ್ತವೆ. ಎರಡನೇ ಸಲ ಗೋದಾಮಿನಲ್ಲಿ. ಮಾಡಿನಲ್ಲಿ ಒಂದು ತೂತು, ಗೋಡೆಗೆ ಒರಗಿದ ಸಾಲು, ನೆಲದ ಮೇಲೆ ಹಲಗೆ ಇಲ್ಲದೆ ಇಟ್ಟ ಚೀಲ. ಹುಳ ಬಿದ್ದ ಜಾಗವೂ ಹಾಗೇ. ಹುಳಗಳ ಉಸಿರಿನಿಂದಲೇ ಕಾಳು ಬಿಸಿಯಾಗಿ, ನೀರು ಬಿಟ್ಟು, ಸುತ್ತ ತೇವ ಏರುತ್ತದೆ. ಹಗಲು ಕಾದು ರಾತ್ರಿ ತಣ್ಣಗಾಗುವ ತಗಡಿನ ಮಾಡು ಇದ್ದರೆ ಒಳಗಿನ ತೇವ ಮೇಲೇರಿ, ತಗಡಿನಲ್ಲಿ ಹನಿಗಟ್ಟಿ, ಮೇಲಿನ ಚೀಲಗಳ ಮೇಲೆ ಬೀಳುತ್ತದೆ. ಇಲ್ಲಿ ವಿಷ ಗುಂಪಾಗಿ, ಒಂದು ಮೂಲೆಯಲ್ಲಿ ಇರುತ್ತದೆ. ಚದುರಿದ ವಿಷವನ್ನು ಹುಡುಕುವ ರೀತಿ ಬೇರೆ, ಮೂಲೆಯ ವಿಷವನ್ನು ಹುಡುಕುವ ರೀತಿ ಬೇರೆ.

ಒಂದು ಕಾಳಿನ ಲೆಕ್ಕ

ಪಿಪಿಬಿ ಅಂದರೆ ಒಂದು ಕಿಲೋದಲ್ಲಿ ಒಂದು ಮೈಕ್ರೋಗ್ರಾಂ. ಬೇರೆ ಥರ ಹೇಳಿದರೆ 1,000 ಟನ್ನಿನಲ್ಲಿ ಒಂದೇ ಗ್ರಾಂ. ಅಮೆರಿಕದಲ್ಲಿ ಜನ ತಿನ್ನುವ ಕಾಳಿಗೆ ಒಟ್ಟು ಅಫ್ಲಾಟಾಕ್ಸಿನ್ 20 ಪಿಪಿಬಿ ಮಿತಿ. ಯುರೋಪಿನ ಒಕ್ಕೂಟದಲ್ಲಿ ನೇರವಾಗಿ ತಿನ್ನುವ ಧಾನ್ಯಕ್ಕೆ ಒಟ್ಟು 4, ಬಿ1 ಒಂದಕ್ಕೇ 2.

ಈ ಸಣ್ಣ ಸಂಖ್ಯೆಗಳ ಪಕ್ಕ ಒಂದು ದೊಡ್ಡ ಸಂಖ್ಯೆ ಇಡುತ್ತೇನೆ. ಮೆಕ್ಕೆಜೋಳದ ಒಂದೇ ಕಾಳಿನಲ್ಲಿ 4,00,000 ಪಿಪಿಬಿವರೆಗೆ ಅಳೆದದ್ದಿದೆ. ಅದರ ಅರ್ಧ, 2,00,000 ಅಂತಲೇ ಹಿಡಿಯೋಣ. ಕಾಳಿನ ತೂಕ ಸುಮಾರು 0.3 ಗ್ರಾಂ. ಅದರೊಳಗೆ 60 ಮೈಕ್ರೋಗ್ರಾಂ ವಿಷ. ಇಂಥ ಕಾಳು ಹತ್ತು ಸಾವಿರಕ್ಕೆ ಒಂದು ಮಾತ್ರ ಇದೆ, ಉಳಿದವೆಲ್ಲ ಶುದ್ಧ ಅಂದುಕೊಳ್ಳಿ. ಹತ್ತು ಸಾವಿರ ಕಾಳು ಅಂದರೆ 3 ಕಿಲೋ. 60 ಮೈಕ್ರೋಗ್ರಾಂ 3 ಕಿಲೋಗೆ ಹಂಚಿದರೆ ಇಡೀ ರಾಶಿಯ ಸರಾಸರಿ ಸರಿಯಾಗಿ 20 ಪಿಪಿಬಿ.

ಈ ರಾಶಿಯಿಂದ ನಾನು ಅವತ್ತು ತೆಗೆದ ಹಾಗೆ 300 ಗ್ರಾಂ ತೆಗೆದರೆ ಏನಾಗುತ್ತದೆ? ಅದರಲ್ಲಿ ಸಾವಿರ ಕಾಳು. ಕೆಟ್ಟ ಕಾಳು ಒಂದೂ ಸಿಗದೇ ಇರುವ ಸಾಧ್ಯತೆ ಸುಮಾರು 90 ಪರ್ಸೆಂಟ್. ಅಂದರೆ ಹತ್ತು ಸಲ ಮಾಡಿದರೆ ಒಂಬತ್ತು ಸಲ ಫಲಿತಾಂಶ ಸೊನ್ನೆ. ಹತ್ತನೇ ಸಲ ಒಂದು ಕಾಳು ಸಿಕ್ಕಿಬಿಟ್ಟರೆ 200 ಪಿಪಿಬಿ! ಎರಡೂ ಸುಳ್ಳು, ಯಂತ್ರ ಎರಡು ಸಲವೂ ಸರಿಯಾಗಿ ಅಳೆದಿದ್ದರೂ. 3 ಕಿಲೋ ತೆಗೆದರೆ ತಪ್ಪಿಹೋಗುವ ಸಾಧ್ಯತೆ 37ಕ್ಕೆ ಇಳಿಯುತ್ತದೆ. 5 ಕಿಲೋ ತೆಗೆದರೆ 19. 10 ಕಿಲೋ ತೆಗೆದರೆ 4ರ ಒಳಗೆ.

ನಿಜವಾದ ರಾಶಿ ಇಷ್ಟು ಸರಳ ಅಲ್ಲ. ಸ್ವಲ್ಪ ಕೆಟ್ಟದ್ದು, ಮಧ್ಯಮ ಕೆಟ್ಟದ್ದು, ಪೂರ್ತಿ ಕೆಟ್ಟದ್ದು ಎಲ್ಲ ಇರುತ್ತದೆ. ಆದರೂ ಚಿತ್ರ ಇದೇ. ಮೆಕ್ಕೆಜೋಳದ ಮೇಲೆ ಮಾಡಿದ ಅಳತೆಗಳಲ್ಲೂ, 20 ಪಿಪಿಬಿಯ ರಾಶಿಯಿಂದ ಸುಮಾರು ಒಂದು ಕಿಲೋ ಮಾದರಿ ತೆಗೆದಾಗ, ಫಲಿತಾಂಶದ ಏರುಪೇರಿನಲ್ಲಿ ಮುಕ್ಕಾಲು ಪಾಲು ಮಾದರಿ ತೆಗೆಯುವುದರಿಂದಲೇ ಬಂದಿದೆ. ಯಂತ್ರದ ಪಾಲು ತೀರಾ ಚಿಕ್ಕದು. ಖರ್ಚಿಗೆ ಇರುವುದು ಇಷ್ಟೇ ಅಂತಾದರೆ ದುಬಾರಿ ಯಂತ್ರಕ್ಕಿಂತ ದೊಡ್ಡ ಮಾದರಿ ಮತ್ತು ಒಳ್ಳೆಯ ಗಿರಣಿಗೆ ಹಾಕಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಇನ್ನು ಪರೀಕ್ಷೆಗಳಿಗೆ ಬರೋಣ

ಮಾಯಿಶ್ಚರ್ ಮೀಟರ್ ಅಫ್ಲಾಟಾಕ್ಸಿನ್ ಅಳೆಯುವುದಿಲ್ಲ, ಆದರೂ ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು ಅದನ್ನೇ. ಮುಂದೆ ವಿಷ ಬರುತ್ತದೆಯಾ ಅನ್ನುವ ಪ್ರಶ್ನೆಗೆ ಉತ್ತರ ಅದರಲ್ಲಿದೆ, ಈಗಾಗಲೇ ಬಂದಿದೆಯಾ ಅನ್ನುವುದಕ್ಕೆ ಇಲ್ಲ. ಹೊಲದಲ್ಲೇ ಹಾಳಾದ ಕಾಳನ್ನು ಒಣಗಿಸಿದರೆ ಮೀಟರ್ 12 ತೋರಿಸುತ್ತದೆ, ವಿಷ ಒಳಗೆ ಹಾಗೇ ಇರುತ್ತದೆ. ಇನ್ನೊಂದು ಎಚ್ಚರ. ಡ್ರೈಯರಿನಿಂದ ಆಗಷ್ಟೇ ಇಳಿಸಿದ ಕಾಳಿನ ಸಿಪ್ಪೆ ಒಣಗಿರುತ್ತದೆ, ಹೊಟ್ಟೆಯಲ್ಲಿ ತೇವ ಇರುತ್ತದೆ. ಆಗ ಮೀಟರ್ ಕಡಿಮೆ ತೋರಿಸುತ್ತದೆ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ, ಒಂದು ಅಂಕ ಮೇಲೇರಿರಬಹುದು.

ಯುವಿ ದೀಪದ್ದು ಬೇರೆ ಕಥೆ. ಕತ್ತಲೆ ಕೋಣೆಯಲ್ಲಿ, ಒಡೆದ ಕಾಳಿನ ಮೇಲೆ 365 ನ್ಯಾನೋಮೀಟರಿನ ಬೆಳಕು ಹಾಯಿಸಿದರೆ ಕೆಲವು ಚೂರುಗಳು ಮಿಂಚುಹುಳದ ಹಾಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತವೆ. ಇದನ್ನು ನೋಡಿದ ಎಷ್ಟೋ ಜನ ಅಫ್ಲಾಟಾಕ್ಸಿನ್ನೇ ಹೊಳೆಯುತ್ತಿದೆ ಅಂದುಕೊಳ್ಳುತ್ತಾರೆ. ಅಲ್ಲ. ಬೂಷ್ಟು ಮಾಡುವ ಕೋಜಿಕ್ ಆಮ್ಲ ಅನ್ನುವ ಬೇರೆ ವಸ್ತು ಹಸಿ ಕಾಳಿನ ಕಿಣ್ವದ ಜೊತೆ ಸೇರಿ ಆಗುವ ಹೊಳಪು ಅದು. ಬೂಷ್ಟು ಅಲ್ಲಿತ್ತು ಅನ್ನುವುದಕ್ಕೆ ಗುರುತು, ವಿಷ ಇಷ್ಟಿದೆ ಅನ್ನುವುದಕ್ಕಲ್ಲ. ವಿಷ ಮಾಡದ ತಳಿಯೂ ಹೊಳೆಯಬಹುದು. ಬಹಳ ದಿನ ಇಟ್ಟ ಕಾಳಿನಲ್ಲಿ ಹೊಳಪು ಮಾಸಿ, ವಿಷ ಇದ್ದೂ ಏನೂ ಕಾಣದೇ ಇರಬಹುದು. ಹಾಗಂತ ದೀಪವನ್ನು ಬಿಸಾಡಬೇಡಿ. ಗೋದಾಮಿನಲ್ಲಿ ಯಾವ ಮೂಲೆಯ ಚೀಲಗಳನ್ನು ಬೇರೆ ತೆಗೆದು ನೋಡಬೇಕು ಅಂತ ತೀರ್ಮಾನಿಸಲು ಅದು ಒಳ್ಳೆಯದು. ರಾಶಿಯನ್ನು ಪಾಸು ಮಾಡುವುದಕ್ಕೆ ಮಾತ್ರ ಬೇಡ.

ಪಟ್ಟಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜಾಸ್ತಿ ಜನಕ್ಕೆ ಕೊನೆಗೆ ಬೇಕಾಗುವುದು ಇದೇ. ಹಿಟ್ಟನ್ನು ತೂಗಿ, ಮೆಥನಾಲ್ ಬೆರೆಸಿದ ನೀರಿನಲ್ಲಿ ಅಥವಾ ಕಿಟ್ಟಿನ ಜೊತೆ ಬಂದ ದ್ರಾವಣದಲ್ಲಿ ಚೆನ್ನಾಗಿ ಅಲ್ಲಾಡಿಸಿ, ಸೋಸಿ, ತಿಳಿಯಲ್ಲಿ ಪಟ್ಟಿ ಅದ್ದಬೇಕು. ಐದರಿಂದ ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಇಲ್ಲಿ ಹೊಸಬರು ಎಡವುವುದು ಗೆರೆ ಓದುವಾಗ. ಬೇರೆ ಹಲವು ಪಟ್ಟಿಗಳಲ್ಲಿ ಎರಡು ಗೆರೆ ಅಂದರೆ 'ಇದೆ' ಅಂತ ಅರ್ಥ. ಇಲ್ಲಿ ಉಲ್ಟಾ. ಅಫ್ಲಾಟಾಕ್ಸಿನ್ನನ್ನು ಹಿಡಿಯುವ ಬಣ್ಣದ ಪ್ರತಿಕಾಯ ಪಟ್ಟಿಯಲ್ಲಿರುತ್ತದೆ, ಅದಕ್ಕಾಗಿ ಕಾಳಿನ ವಿಷ ಮತ್ತು ಪಟ್ಟಿಯ ಗೆರೆ ಪೈಪೋಟಿ ನಡೆಸುತ್ತವೆ. ವಿಷ ಹೆಚ್ಚಿದ್ದಷ್ಟೂ ಪರೀಕ್ಷೆಯ ಗೆರೆ ಮಸುಕು. ಎರಡೂ ಗೆರೆ ಗಾಢವಾಗಿದ್ದರೆ ವಿಷ ಇಲ್ಲ ಅಥವಾ ತೀರಾ ಕಡಿಮೆ. ಪರೀಕ್ಷೆಯ ಗೆರೆ ಮಾಯವಾಗಿದ್ದರೆ ಮಿತಿ ಮೀರಿದೆ. ಕಂಟ್ರೋಲ್ ಗೆರೆಯೇ ಮೂಡದಿದ್ದರೆ ಆ ಪಟ್ಟಿ ಲೆಕ್ಕಕ್ಕಿಲ್ಲ.

ಮಸುಕು ಎಷ್ಟು ಅಂತ ಬರಿಗಣ್ಣಿನಿಂದ ಹೇಳಲು ಹೋಗಬೇಡಿ. ಸಂಖ್ಯೆ ಬೇಕಿದ್ದರೆ ಗೆರೆಯನ್ನು ಅಳೆಯುವ ರೀಡರ್ ಬೇಕು. ರೀಡರ್ ಕೊಟ್ಟ ಸಂಖ್ಯೆಯನ್ನೂ ಗೆರೆ ಕೊರೆದ ಹಾಗೆ ನಂಬಬಾರದು. 20 ಅಂತ ತೋರಿಸಿದರೆ 15ರಿಂದ 25ರ ನಡುವೆ ಎಲ್ಲೋ ಇದೆ ಅಂತ ಇಟ್ಟುಕೊಳ್ಳುವುದು ಜಾಣತನ. ಪಟ್ಟಿಗೆ ಮೇಲಿನ ಮಿತಿಯೂ ಇರುತ್ತದೆ. ಅದನ್ನು ದಾಟಿದರೆ ತಿಳಿಯನ್ನು ತೆಳು ಮಾಡಿ ಮತ್ತೆ ನೋಡಬೇಕು. ಫ್ರಿಜ್ಜಿನಿಂದ ತೆಗೆದ ಪಟ್ಟಿಯನ್ನು ತಕ್ಷಣ ಅದ್ದಿದರೂ, ಹತ್ತು ನಿಮಿಷಕ್ಕೆ ಓದಬೇಕಾದ್ದನ್ನು ಅರ್ಧ ಗಂಟೆ ಬಿಟ್ಟು ಓದಿದರೂ ಸಂಖ್ಯೆ ಜಾರುತ್ತದೆ. ಮೆಕ್ಕೆಜೋಳಕ್ಕೆ ಹೊಂದಿಸಿದ ಪಟ್ಟಿಯನ್ನು ಬೇರೆ ಕಾಳಿಗೆ ಸುಮ್ನೆ ಬಳಸಬಾರದು. ಕಾಳಿನ ಬಣ್ಣ, ಎಣ್ಣೆ ಎಲ್ಲವೂ ಗೆರೆಯ ಮೇಲೆ ಕೈ ಹಾಕುತ್ತವೆ.

ಎಲಿಸಾದಲ್ಲೂ ಇದೇ ಪೈಪೋಟಿಯ ತತ್ವ. ಆದರೆ 96 ಗುಳಿಗಳ ತಟ್ಟೆಯಲ್ಲಿ, ಗೊತ್ತಿರುವ ಪ್ರಮಾಣದ ದ್ರಾವಣಗಳ ಪಕ್ಕದಲ್ಲೇ ನಿಮ್ಮ ಮಾದರಿಗಳೂ ಓಡುತ್ತವೆ. ಬಣ್ಣ ಗಾಢವಾದಷ್ಟೂ ವಿಷ ಕಡಿಮೆ. ಒಂದು ಸಲಕ್ಕೆ ಮೂವತ್ತು ನಲವತ್ತು ಮಾದರಿ ಇದ್ದರೆ ಎಲಿಸಾ ಬಹಳ ಚೆನ್ನ. ದಿನಕ್ಕೆ ಎರಡೇ ಮಾದರಿ ಇರುವವರಿಗೆ ಬೇಡ. ಗೊತ್ತಿರುವ ದ್ರಾವಣಗಳನ್ನು ಪ್ರತಿ ಸಲವೂ ಓಡಿಸಲೇಬೇಕಾದ್ದರಿಂದ ಗುಳಿಗಳು ಅದಕ್ಕೇ ಖರ್ಚಾಗುತ್ತವೆ. ಪಿಪೆಟ್ ಹಿಡಿದ ಕೈ ಪಳಗಿರಬೇಕು ಅನ್ನುವುದೂ ಇದೆ. ಬಿ1 ಅನ್ನು ಚೆನ್ನಾಗಿ ಹಿಡಿಯುವ ಪ್ರತಿಕಾಯ ಉಳಿದ ಮೂರನ್ನು ಅಷ್ಟೇ ಚೆನ್ನಾಗಿ ಹಿಡಿಯುತ್ತದೆ ಅಂತ ಹೇಳಲಾಗದು. ಹಾಗಾಗಿ ಎಲಿಸಾ ಹೇಳುವ 'ಒಟ್ಟು' ಒಂದು ಅಂದಾಜು.

ನಾಲ್ಕನ್ನೂ ಬೇರೆ ಬೇರೆಯಾಗಿ ತಿಳಿಯಬೇಕಾದರೆ ಎಚ್‌ಪಿಎಲ್‌ಸಿ. ಮೊದಲು ಹಿಟ್ಟಿನ ಸಾರವನ್ನು ಪ್ರತಿಕಾಯ ತುಂಬಿದ ಚಿಕ್ಕ ಕೊಳವೆಯಲ್ಲಿ ಇಳಿಸುತ್ತಾರೆ. ಅಫ್ಲಾಟಾಕ್ಸಿನ್ ಅಲ್ಲಿ ಅಂಟಿಕೊಳ್ಳುತ್ತದೆ, ಉಳಿದ ಕಸ ಹರಿದು ಹೋಗುತ್ತದೆ. ಅಂಟಿದ್ದನ್ನು ಮೆಥನಾಲಿನಿಂದ ಬಿಡಿಸಿ ಯಂತ್ರಕ್ಕೆ ಕೊಟ್ಟರೆ ನಾಲ್ಕೂ ಒಂದರ ಹಿಂದೆ ಒಂದು ಹೊರಬಂದು ಹೊಳಪಿನಿಂದ ಗುರುತು ಸಿಗುತ್ತವೆ. ನೀರು ಬೆರೆತ ದ್ರಾವಣದಲ್ಲಿ ಬಿ1 ಮತ್ತು ಜಿ1 ಮಂಕಾಗುತ್ತವೆ. ಅದಕ್ಕಾಗಿ ಬ್ರೋಮಿನ್ ಕೂಡಿಸಿಯೋ ಯುವಿ ಬೆಳಕು ಹಾಯಿಸಿಯೋ ಅವುಗಳ ಹೊಳಪು ಹೆಚ್ಚಿಸುವ ಹಂತ ಒಂದಿರುತ್ತದೆ. ಲ್ಯಾಬನ್ನು ಕೇಳುವಾಗ ಈ ಹಂತ ಇದೆಯಾ ಅಂತ ಕೇಳಿ. ಒಂದು ಪಿಪಿಬಿಗಿಂತ ಕಡಿಮೆಯನ್ನೂ ಇದು ನಂಬುವಂತೆ ಅಳೆಯುತ್ತದೆ. ಯುರೋಪಿನ 2 ಮತ್ತು 4ರ ಮಿತಿಗೆ, ಅದಕ್ಕಿಂತ ಹೆಚ್ಚಾಗಿ ಮಕ್ಕಳ ಆಹಾರಕ್ಕಿರುವ ಬಿ1 0.1ರ ಮಿತಿಗೆ ಪಟ್ಟಿ ಸಾಲದು, ಇಂಥದ್ದೇ ಬೇಕು. ಇನ್ನೂ ಮೇಲಿನ ಎಲ್‌ಸಿ-ಎಂಎಸ್/ಎಂಎಸ್ ಬೇಕಾಗುವುದು ಫ್ಯುಮೋನಿಸಿನ್‌ನಂಥ ಬೇರೆ ಬೂಷ್ಟಿನ ವಿಷಗಳನ್ನೂ ಒಂದೇ ಓಟದಲ್ಲಿ ನೋಡಬೇಕಾದಾಗ.

ಆ 400 ಚೀಲಕ್ಕೆ ನಾನೇನು ಮಾಡುತ್ತೇನೆ

ಮೊದಲು ಬರಿಗೈಯಲ್ಲಿ ಗೋದಾಮು ಸುತ್ತುತ್ತೇನೆ. ಮುಗ್ಗಲು ವಾಸನೆ, ಗಟ್ಟಿ ಕಟ್ಟಿದ ಚೀಲ, ಒಳಗೆ ಕೈ ಹಾಕಿದರೆ ಬೆಚ್ಚಗಿರುವ ಚೀಲ, ಮಾಡಿನ ಕೆಳಗೆ ಕಲೆ ಬಿದ್ದ ಚೀಲ. ಇಂಥವು ಹದಿನೈದು ಸಿಕ್ಕವು ಅಂದುಕೊಳ್ಳಿ. ಅವನ್ನು ಉಳಿದವುಗಳ ಜೊತೆ ಸೇರಿಸಿ ಮಾದರಿ ಮಾಡುವುದಿಲ್ಲ. ಬೇರೆ ಇಟ್ಟು, ಬೇರೆಯೇ ರಾಶಿ ಅಂತ ಪರೀಕ್ಷೆ ಮಾಡುತ್ತೇನೆ. ಸೇರಿಸಿದರೆ 15 ಚೀಲದ ವಿಷ 400ರಲ್ಲಿ ಕರಗಿ, ಸರಾಸರಿ ಚೆನ್ನಾಗಿ ಕಾಣುತ್ತದೆ. ಆದರೆ ಆ 15ರಲ್ಲಿ ಒಂದು ಚೀಲ ಯಾರ ಮನೆಗೋ ಇಡಿಯಾಗಿ ಹೋಗುತ್ತದಲ್ವಾ?

ಉಳಿದ 385ರಲ್ಲಿ ನೂರು ಚೀಲ ಆರಿಸುತ್ತೇನೆ. ಬಾಗಿಲ ಹತ್ತಿರದವು ಮಾತ್ರ ಅಲ್ಲ. ಮೇಲೆ, ನಡು, ತಳ, ಗೋಡೆಯ ಬದಿ, ಎಲ್ಲ ಕಡೆಯಿಂದ. ಚೀಲಕ್ಕೆ ಚುಚ್ಚುವ ಟೊಳ್ಳು ಕೊಳವೆಯಿಂದ ತಲಾ ನೂರು ಗ್ರಾಂ ತೆಗೆದರೆ 10 ಕಿಲೋ ಆಯಿತು. ಈ ಹತ್ತು ಕಿಲೋವನ್ನೂ ಬೀಸಬೇಕು. ಕಾಳಿರುವಾಗಲೇ ಒಂದು ಕಿಲೋ ಆರಿಸಿ ಬೀಸಿದರೆ ಹತ್ತು ಕಿಲೋ ತೆಗೆದದ್ದು ದಂಡ. ಮೇಲಿನ ಲೆಕ್ಕದಲ್ಲಿ ಮತ್ತೆ ಒಂದು ಕಿಲೋದವರಾಗುತ್ತೇವೆ. ಹಿಟ್ಟು ಸಣ್ಣ ರವೆಗಿಂತ ದಪ್ಪ ಇರಬಾರದು. ಕೆಟ್ಟ ಕಾಳು ನೂರು ಚೂರಾದರೆ ಸಾಲದು, ಪುಡಿಯಾಗಿ ಎಲ್ಲ ಕಡೆ ಹರಡಬೇಕು. ಚೆನ್ನಾಗಿ ಕಲಸಿ, ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರು ಭಾಗ ಇಟ್ಟುಕೊಂಡು ಮತ್ತೆ ಹಾಗೇ ಮಾಡುತ್ತಾ 50 ಗ್ರಾಮಿಗೆ ಇಳಿಸುತ್ತೇನೆ. ಕಿಟ್ಟು 5 ಗ್ರಾಂ ಸಾಕು ಅಂದರೂ 50 ಗ್ರಾಂ ಪೂರ್ತಿ ಹಾಕಿ, ದ್ರಾವಣವನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸುವುದು ಒಳ್ಳೆಯದು. ಬೀಸುವವರು ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿರಬೇಕು. ಮಾದರಿಗಳ ನಡುವೆ ಗಿರಣಿ ಒರೆಸಬೇಕು. ಇಲ್ಲದಿದ್ದರೆ ಹಿಂದಿನ ರಾಶಿಯ ವಿಷ ಮುಂದಿನದಕ್ಕೆ ಹತ್ತುತ್ತದೆ.

ಮಿತಿ 20 ಇದ್ದರೆ ನಾನು ಪಟ್ಟಿ ಮತ್ತು ರೀಡರನ್ನೇ ಆರಿಸುತ್ತೇನೆ. 3 ಬಂದರೆ ಪಾಸು. 60 ಬಂದರೆ ತಡೆ. ಕಷ್ಟ ಇರುವುದು 17 ಬಂದಾಗ. ಆಗ ಅದೇ ಹಿಟ್ಟನ್ನು ಲ್ಯಾಬಿಗೆ ಓಡಿಸುವುದು ಎಲ್ಲರ ಅಭ್ಯಾಸ. ಅದರಿಂದ ಆ ಹಿಟ್ಟಿನಲ್ಲಿ 17 ಇತ್ತೋ 19 ಇತ್ತೋ ಅಂತ ಗೊತ್ತಾಗುತ್ತದೆ, ರಾಶಿಯಲ್ಲಿ ಎಷ್ಟಿದೆ ಅಂತ ಅಲ್ಲ. ನಾನು ಇನ್ನೊಂದು ನೂರು ಚೀಲದಿಂದ ಇನ್ನೊಂದು 10 ಕಿಲೋ ತೆಗೆಯುತ್ತೇನೆ. ಎರಡನೆಯದು 9 ಬರಬಹುದು, 31 ಬರಬಹುದು. ಎರಡರ ಸರಾಸರಿಯ ಮೇಲೆ ತೀರ್ಮಾನ. ಮೊದಲನೆಯದನ್ನು ಮರೆತು ಚೆನ್ನಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳುವ ಆಸೆ ಬರುತ್ತದೆ. ಅದು ಬೇಡವೇ ಬೇಡ. ಕಾಯಂ ಕೊಳ್ಳುವವರಾದರೆ ಕಾನೂನಿನ ಮಿತಿ 20 ಇದ್ದರೂ ಒಳಗೆ ನಿಮ್ಮದೇ ಮಿತಿಯನ್ನು 10ಕ್ಕೆ ಇಟ್ಟುಕೊಳ್ಳಿ. ಒಳ್ಳೆಯ ರಾಶಿ ಕೆಲವು ವಾಪಸು ಹೋಗುತ್ತವೆ, ಮಾರುವವರಿಗೆ ಬೇಸರ ಆಗುತ್ತದೆ. ಆದರೆ ಕೆಟ್ಟದ್ದು ಒಳಗೆ ನುಸುಳುವುದು ಬಹಳ ಕಡಿಮೆಯಾಗುತ್ತದೆ.

ಮಿತಿ 4 ಇದ್ದರೆ, ಅಥವಾ ಎರಡು ಕಡೆಯವರಿಗೆ ತಕರಾರು ಬರುವ ಸಾಧ್ಯತೆ ಇದ್ದರೆ, ಪಟ್ಟಿಯನ್ನು ಮೊದಲ ಜರಡಿಯಾಗಿ ಇಟ್ಟು ಎಚ್‌ಪಿಎಲ್‌ಸಿಗೆ ಹೋಗಿ. ಆಗಲೂ ಮಾದರಿ ತೆಗೆಯುವಾಗ ಎರಡೂ ಕಡೆಯವರು ನಿಂತಿರಲಿ. ಹಿಟ್ಟನ್ನು ಕಲಸಿದ ಮೇಲೆ ಮೂರು ಪಾಲು ಮಾಡಿ. ಒಂದು ಲ್ಯಾಬಿಗೆ, ಒಂದು ಮಾರುವವರಿಗೆ, ಒಂದು ಸೀಲು ಮಾಡಿ ಫ್ರೀಜರಿಗೆ. ಸೀಲಿನ ಮೇಲೆ ದಿನಾಂಕ, ಎಷ್ಟು ಚೀಲದಿಂದ ತೆಗೆದದ್ದು, ಎಷ್ಟು ಕಿಲೋ ಬೀಸಿದ್ದು, ಆ ದಿನದ ತೇವಾಂಶ ಎಷ್ಟು ಅಂತ ಬರೆಯಿರಿ. ತೇವಾಂಶ ಬರೆಯಲು ಕಾರಣ ಇದೆ. 13ರಲ್ಲಿ ಅಳೆದ ರಾಶಿ ಎರಡು ತಿಂಗಳ ನಂತರವೂ 13ರಲ್ಲೇ ಇದ್ದರೆ ಹಳೆಯ ಸಂಖ್ಯೆಯನ್ನು ನಂಬಬಹುದು. 16ಕ್ಕೆ ಏರಿದ್ದರೆ ಆ ಕಾಗದ ಹರಿದು, ಕೊಳವೆ ಹಿಡಿದು ಮತ್ತೆ ಮೊದಲ ಚೀಲದಿಂದ ಶುರು ಮಾಡಬೇಕು.